ಫಿಲೆಟ್ ಹಾಕಿದ ತಕ್ಷಣ ಕೆಳಗಿನ ಗೆರೆ ಅರ್ಧ ಮಾಯ! ಪ್ಲೇಟ್ ಔಟ್‌ಲೈನ್ ಬೇಗ ಬರೆಯೋಕೆ ಸರಿಯಾದ ಕ್ರಮ ಯಾವುದು?

ಹಾಳೆಪೆನ್ಸಿಲ್

ಎಲ್ಲರಿಗೂ ನಮಸ್ಕಾರ. ಮೋಟರ್ ಕೂರಿಸುವ ಒಂದು ಪ್ಲೇಟ್ ಬರೆಯುತ್ತಿದ್ದೇನೆ. ಆಟೋಕ್ಯಾಡ್ 2022. ಅಳತೆ ಎಲ್ಲಾ ಮಿಲಿಮೀಟರ್.

ಪ್ಲೇಟ್ 180 ಅಗಲ, 120 ಎತ್ತರ, 10 ದಪ್ಪ. ಮೇಲಿನ ಬಲ ಮೂಲೆಯಲ್ಲಿ 60 ಅಗಲ, 40 ಎತ್ತರದ ಮೆಟ್ಟಿಲು ಕತ್ತರಿಸಿದೆ. ಕೆಳಗಿನ ಅಂಚಿನಲ್ಲಿ ಕೇಬಲ್ ಹೋಗೋಕೆ ಒಂದು ನಾಚ್ ಇದೆ. ಎಡ ಅಂಚಿನಿಂದ 70ಕ್ಕೆ ಶುರು, ಅಗಲ 40, ಆಳ 25. ಹೊರ ಮೂಲೆ ಐದಕ್ಕೂ R10. ಮೆಟ್ಟಿಲಿನ ಒಳ ಮೂಲೆ ಮತ್ತು ನಾಚ್‌ನ ಒಳಗಿನ ಎರಡು ಮೂಲೆಗೆ R6. ನಾಚ್‌ನ ಬಾಯಿಯ ಎರಡು ಅಂಚಿಗೆ R3.

ಎಡ ಮತ್ತು ಕೆಳಗಿನ ಗೆರೆ ಹಾಕಿ, ಅವನ್ನೇ ಆಫ್‌ಸೆಟ್ ಮಾಡುತ್ತಾ ಹೋದೆ. ಮೂಲೆಗಳೆಲ್ಲ ಚೆನ್ನಾಗಿ ಬಂದವು. ನಾಚ್‌ನ ಬಾಯಿಗೆ R3 ಹಾಕಲು ಕೆಳಗಿನ ಗೆರೆಯನ್ನು ನಾಚ್‌ನ ಎಡಗಡೆ ಕ್ಲಿಕ್ ಮಾಡಿ, ಆಮೇಲೆ ನಾಚ್‌ನ ಗೋಡೆ ಕ್ಲಿಕ್ ಮಾಡಿದರೆ, ಬಲಗಡೆಯ ಅಷ್ಟೂ ಗೆರೆ ಹೋಗಿಬಿಡುತ್ತದೆ. ಬಲ ಮೂಲೆಯ R10 ಮಾತ್ರ ಒಂಟಿಯಾಗಿ ನಿಂತಿರುತ್ತದೆ. ಇದಕ್ಕೆ ಸರಿಯಾದ ಕ್ರಮ ಏನು? ಯಾವುದು ಮೊದಲು, ಯಾವುದು ಆಮೇಲೆ?

---

ಗೆರೆಗಾರ

ಸುಲಭ. `F` ಹೊಡೆದ ಮೇಲೆ `T` ಒತ್ತಿ `No trim` ಆರಿಸಿ. ಆಗ ಫಿಲೆಟ್ ಆರ್ಕ್ ಮಾತ್ರ ಹಾಕುತ್ತದೆ, ಗೆರೆ ಮುಟ್ಟುವುದಿಲ್ಲ. ಎಲ್ಲಾ ಮೂಲೆಗೂ ಹಾಗೇ ಹಾಕಿ, ಕೊನೆಗೆ ಟ್ರಿಮ್‌ನಲ್ಲಿ ಬೇಡದ್ದು ತೆಗೆಯಿರಿ. ಯಾವ ಗೆರೆಯೂ ಕಳೆದುಹೋಗಲ್ಲ.

---

ವೆಲ್ಡಿಂಗ್_ಬಸಣ್ಣ

10 ಎಂಎಂ ಪ್ಲೇಟಿಗೆ R3 ಫಿಲೆಟ್ ಯಾತಕ್ಕೂ ಸಾಲಲ್ಲ. ಕನಿಷ್ಠ 6 ಎಂಎಂ ಲೆಗ್ ಇರಲಿ. ಎರಡೂ ಕಡೆ ವೆಲ್ಡ್ ಮಾಡ್ತೀರೋ, ಒಂದೇ ಕಡೆನೋ? ಮೋಟರ್ ಅಂದ್ರೆ ವೈಬ್ರೇಷನ್ ಇರುತ್ತೆ.

---

ಹಾಳೆಪೆನ್ಸಿಲ್

ಅಣ್ಣಾ, ಇದು ವೆಲ್ಡ್ ಅಲ್ಲ, ಡ್ರಾಯಿಂಗ್‌ನಲ್ಲಿ ಮೂಲೆ ದುಂಡಗೆ ಮಾಡುವ ಫಿಲೆಟ್ :)

ಗೆರೆಗಾರ ಅವರೇ, ಅದು ಕೆಲಸ ಮಾಡಿತು. ಆದರೆ ಪ್ರತಿ ಮೂಲೆಯಲ್ಲೂ ಎರಡು ಬಾಲ ಉಳಿದಿವೆ. ಎಲ್ಲಾ ತೆಗೆಯುವಷ್ಟರಲ್ಲಿ ಮೊದಲಿನದಕ್ಕಿಂತ ಜಾಸ್ತಿ ಕ್ಲಿಕ್ ಆಯಿತು.

---

ಹಳೇ_ಡ್ರಾಫ್ಟ್ಸ್‌ಮನ್

ಗೆರೆಗಾರ ಹೇಳಿದ್ದು ತಪ್ಪಲ್ಲ, ಆದರೆ ಒಂದು ಗೆರೆಯ ತೊಂದರೆಗೆ ಇಡೀ ಪ್ಲೇಟಿಗೆ ಶಿಕ್ಷೆ ಕೊಟ್ಟ ಹಾಗಾಯಿತು. ತೊಂದರೆ ಎಲ್ಲಿದೆ ಅಂತ ಮೊದಲು ನೋಡೋಣ.

ನಿಮ್ಮ ಔಟ್‌ಲೈನ್‌ನಲ್ಲಿ ಎಷ್ಟು ಬದಿ ಇವೆ ಎಣಿಸಿ. ಹತ್ತು. ಆಫ್‌ಸೆಟ್ ಮಾಡಿದ ಮೇಲೆ ಎಷ್ಟು ಗೆರೆ ಇವೆ? ಕೆಳಗಿನ ಗೆರೆ, ಅದರಿಂದ ಮೇಲಕ್ಕೆ 25, 80, 120. ಎಡ ಗೆರೆ, ಅದರಿಂದ ಬಲಕ್ಕೆ 70, 110, 120, 180. ಒಟ್ಟು ಒಂಬತ್ತು. ಹತ್ತು ಬದಿಗೆ ಒಂಬತ್ತು ಗೆರೆ. ಅಂದರೆ ಯಾವುದೋ ಒಂದು ಗೆರೆ ಎರಡು ಬದಿಯ ಕೆಲಸ ಮಾಡುತ್ತಿದೆ. ಅದು ಕೆಳಗಿನ ಗೆರೆ: ನಾಚ್‌ನ ಎಡಕ್ಕೆ ಒಂದು ಬದಿ, ಬಲಕ್ಕೆ ಇನ್ನೊಂದು.

ಫಿಲೆಟ್‌ಗೆ ಅದು ಗೊತ್ತಿಲ್ಲ. ಅದು ನೋಡುವುದು ನೀವು ಕ್ಲಿಕ್ ಮಾಡಿದ ಭಾಗವನ್ನು ಮಾತ್ರ. ಆ ಭಾಗ ಉಳಿಸಿಕೊಂಡು, ಮೂಲೆಯ ಆಚೆಗಿನದನ್ನೆಲ್ಲ ಬಿಸಾಕುತ್ತದೆ. ಟ್ರಿಮ್ ಇದಕ್ಕೆ ಉಲ್ಟಾ: ಕ್ಲಿಕ್ ಮಾಡಿದ್ದು ಹೋಗುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಬಳಸುವಾಗ ಕೈ ತಪ್ಪುವುದು ಇಲ್ಲೇ.

ಹಾಗಾಗಿ ಮೂಲೆಗೆ ಕೈ ಹಾಕುವ ಮೊದಲು ಒಂದೇ ಒಂದು ಟ್ರಿಮ್ ಮಾಡಿ. `TR` ಎಂಟರ್, ಕೆಳಗಿನ ಗೆರೆಯನ್ನು 70 ಮತ್ತು 110ರ ಗೆರೆಗಳ ನಡುವೆ ಕ್ಲಿಕ್ ಮಾಡಿ. ನಾಚ್‌ನ ಬಾಯಿ ತೆರೆಯುತ್ತದೆ, ಕೆಳಗಿನ ಗೆರೆ ಎರಡು ತುಂಡಾಗುತ್ತದೆ. ಈಗ ಹತ್ತು ಬದಿಗೆ ಹತ್ತು ಗೆರೆ. ಇನ್ನು ಟ್ರಿಮ್ ಬೇಕಿಲ್ಲ, ಉಳಿದ ಕೆಲಸ ಪೂರ್ತಿ ಫಿಲೆಟ್ ಮಾಡುತ್ತದೆ.

```
F
M
R
10
```

`M` ಕೊಟ್ಟರೆ ಫಿಲೆಟ್ ಒಂದು ಮೂಲೆಗೆ ನಿಲ್ಲುವುದಿಲ್ಲ, ಎಂಟರ್ ಒತ್ತುವವರೆಗೂ ಕೇಳುತ್ತಲೇ ಇರುತ್ತದೆ. ಹೊರ ಮೂಲೆ ಐದೂ ಮುಗಿಸಿ. ಹೊರಗೆ ಬರದೆ ಅಲ್ಲೇ `R` ಎಂಟರ್ `6` ಎಂಟರ್ ಹೊಡೆದು ಒಳ ಮೂಲೆ ಮೂರು, ಮತ್ತೆ `R` `3` ಹೊಡೆದು ಬಾಯಿಯ ಎರಡು. ಈಗ ಗೆರೆಗಳು ಬಲೆಯ ಹಾಗೆ ಒಂದರ ಮೇಲೊಂದು ಹಾದಿರುತ್ತವೆ, ಗಾಬರಿ ಬೇಡ. ಔಟ್‌ಲೈನ್‌ನಲ್ಲಿ ಉಳಿಯಬೇಕಾದ ಭಾಗವನ್ನೇ ಕ್ಲಿಕ್ ಮಾಡಿ. ಉದಾಹರಣೆಗೆ ಮೆಟ್ಟಿಲಿನ ಒಳ ಮೂಲೆಗೆ, 80ರ ಅಡ್ಡ ಗೆರೆಯನ್ನು 120ರ ಬಲಗಡೆ ಕ್ಲಿಕ್ ಮಾಡಬೇಕು, 120ರ ಉದ್ದ ಗೆರೆಯನ್ನು 80ರ ಮೇಲೆ. ಎಡಕ್ಕೂ ಕೆಳಕ್ಕೂ ಉಳಿದಿದ್ದ ಬಾಲಗಳು ತಾವಾಗೇ ಹೋಗುತ್ತವೆ.

---

ಕ್ಲಾಂಪ್_ಕಿಟ್ಟಿ

ಹತ್ತು ಬದಿ ಒಂಬತ್ತು ಗೆರೆ ಲೆಕ್ಕ ಮಸ್ತ್. ಆದ್ರೆ ಸರ್, ಎಕ್ಸ್‌ಟೆಂಡ್ ಎಲ್ಲೂ ಬರಲೇ ಇಲ್ವಲ್ಲ?

ನನ್ನದು ಬೇರೆ ಪ್ಲೇಟ್. ಸ್ಪ್ಲಿಟ್ ಕ್ಲಾಂಪ್. 40 ವ್ಯಾಸದ ಬೋರ್, ಎಡ ಅಂಚಿನಿಂದ ಬೋರ್‌ವರೆಗೆ 3 ಎಂಎಂ ಸೀಳು. ಸೆಂಟರ್ ಗೆರೆಯನ್ನು 1.5 ಆಫ್‌ಸೆಟ್ ಮಾಡಿ ಮೇಲೊಂದು ಕೆಳಗೊಂದು ಗೆರೆ ತೆಗೆದೆ. ಬೋರ್‌ಗೂ ಸೀಳಿಗೂ ಸೇರುವ ಕಡೆ R1 ಹಾಕಿದರೆ ಗೆರೆ ಮಾತ್ರ ಕಟ್ ಆಗುತ್ತೆ, ಸರ್ಕಲ್ ಹಾಗೇ ಪೂರ್ತಿ ಉಳಿಯುತ್ತೆ. ಯಾಕೆ?

---

ಹಳೇ_ಡ್ರಾಫ್ಟ್ಸ್‌ಮನ್

ಕಿಟ್ಟಿ, ಫಿಲೆಟ್ ಪೂರ್ತಿ ಸರ್ಕಲ್ ಅನ್ನು ಕತ್ತರಿಸುವುದಿಲ್ಲ. ಅದರ ಸ್ವಭಾವವೇ ಹಾಗೆ. ನೀವು ಮೊದಲು ಸರ್ಕಲ್ ಅನ್ನು ಆರ್ಕ್ ಮಾಡಬೇಕು.

ಎಕ್ಸ್‌ಟೆಂಡ್ ಬರುವುದು ನಿಮ್ಮಂಥ ಕೇಸಿನಲ್ಲೇ. ಮೂಲೆ ಮೂಲೆ ಸೇರುವ ಕಡೆ ಗೆರೆ ಗಿಡ್ಡ ಇದ್ದರೂ ಫಿಲೆಟ್ಟೇ ಎಳೆದು ಸೇರಿಸುತ್ತದೆ. ಚೂಪು ಮೂಲೆ ಬೇಕಾದರೆ ರೇಡಿಯಸ್ ಬದಲಿಸುವುದೂ ಬೇಡ, ಎರಡನೇ ಗೆರೆ ಕ್ಲಿಕ್ ಮಾಡುವಾಗ ಶಿಫ್ಟ್ ಹಿಡಿದರೆ ಸಾಕು. ಆದರೆ ಒಂದು ಗೆರೆಯ ತುದಿ ಇನ್ನೊಂದರ ನಡುಮಧ್ಯಕ್ಕೆ ಹೋಗಿ ಮುಟ್ಟಬೇಕಾದಾಗ ಫಿಲೆಟ್ ಕೆಲಸಕ್ಕೆ ಬರಲ್ಲ. ನಿಮ್ಮ ಸೀಳಿನ ಎರಡು ಗೆರೆ ಒಂದು ಕಡೆ ಬೋರ್ ಮುಟ್ಟಬೇಕು, ಇನ್ನೊಂದು ಕಡೆ ಎಡ ಅಂಚು ಮುಟ್ಟಬೇಕು. ಅಲ್ಲಿ ಎಕ್ಸ್‌ಟೆಂಡ್.

`TR` ಒಳಗೇ ಇರಿ. ಶಿಫ್ಟ್ ಹಿಡಿದು ಸೀಳಿನ ಗೆರೆಯನ್ನು ಬೋರ್ ಕಡೆಯ ತುದಿ ಹತ್ತಿರ ಕ್ಲಿಕ್ ಮಾಡಿ, ಸರ್ಕಲ್‌ವರೆಗೆ ಹೋಗುತ್ತದೆ. ಎರಡೂ ಗೆರೆ ಎರಡೂ ತುದಿ ಹಾಗೇ ಮಾಡಿ. ಈಗ ಶಿಫ್ಟ್ ಬಿಟ್ಟು, ಎರಡು ಗೆರೆಗಳ ನಡುವಿನ ಸರ್ಕಲ್ ತುಂಡನ್ನೂ ಎಡ ಅಂಚಿನ ತುಂಡನ್ನೂ ಕ್ಲಿಕ್ ಮಾಡಿ ತೆಗೆಯಿರಿ. ಸೆಂಟರ್ ಗೆರೆ ನಡುವೆ ಇದ್ದರೆ ಅದೂ ಕತ್ತರಿಯಾಗಿ ನಿಲ್ಲುತ್ತದೆ. ಆಗ ಆ ತುಂಡು ಎರಡು ಸಲ ಕ್ಲಿಕ್ ಕೇಳುತ್ತದೆ, ಅಷ್ಟೇ. ಸರ್ಕಲ್ ಈಗ ಆರ್ಕ್. R1 ಹಾಕಿ ನೋಡಿ, ಎರಡೂ ಕಡೆ ಕಟ್ ಆಗುತ್ತದೆ.

---

ಆಫೀಸ್_ಹಳೆಯ_ಪಿಸಿ

ನಮ್ಮಲ್ಲಿ ಇನ್ನೂ 2016. `TR` ಹೊಡೆದು ಕ್ಲಿಕ್ ಮಾಡಿದ್ರೆ ಏನೂ ಕಟ್ ಆಗಲ್ಲ, ಗೆರೆ ಸೆಲೆಕ್ಟ್ ಮಾತ್ರ ಆಗುತ್ತೆ.

---

ಗೆರೆಗಾರ

ಹಳೆಯ ವರ್ಷನ್ ಮೊದಲು ಕತ್ತರಿಸುವ ಅಂಚು ಯಾವುದು ಅಂತ ಕೇಳುತ್ತದೆ. `TR` ಎಂಟರ್ ಆದಮೇಲೆ ಏನೂ ಆರಿಸದೆ ಇನ್ನೊಂದು ಎಂಟರ್ ಹೊಡೆಯಿರಿ, ಎಲ್ಲಾ ಗೆರೆಯೂ ಅಂಚು ಆಗುತ್ತದೆ. 2021ರಿಂದ ಕ್ವಿಕ್ ಮೋಡ್ ಬಂದ ಮೇಲೆ ಆ ಎರಡನೇ ಎಂಟರ್ ಬೇಡ. ಹೊಸದರಲ್ಲಿ ಹಳೆಯ ರೀತಿ ಬೇಕಾದವರು `TRIMEXTENDMODE` ಅನ್ನು 0 ಮಾಡಿಕೊಳ್ಳಬಹುದು.

ಕ್ವಿಕ್ ಮೋಡ್‌ನಲ್ಲಿ ಒಂದು ಎಚ್ಚರ. ಯಾವ ಗೆರೆಯೂ ಹಾಯದ ತುಂಡನ್ನು ಕ್ಲಿಕ್ ಮಾಡಿದರೆ ಅದು ಪೂರ್ತಿ ಅಳಿಸಿಹೋಗುತ್ತದೆ.

---

ಮೈಸೂರು_ಕ್ಯಾಡ್

ಇಷ್ಟೆಲ್ಲಾ ಯಾಕೆ? ಪಾಲಿಲೈನ್ ಒಂದೇ ಸಾಕು. `F8` ಒತ್ತಿ ಆರ್ಥೋ ಹಾಕಿ, `PL` ಹೊಡೆದು ಎಡ ಕೆಳ ಮೂಲೆಯಿಂದ ಶುರು ಮಾಡಿ. ಕರ್ಸರ್ ಅನ್ನು ಹೋಗಬೇಕಾದ ದಿಕ್ಕಿಗೆ ತಳ್ಳಿ ಅಳತೆ ಮಾತ್ರ ಹೊಡೆಯಿರಿ: ಬಲಕ್ಕೆ 70, ಮೇಲೆ 25, ಬಲಕ್ಕೆ 40, ಕೆಳಗೆ 25, ಬಲಕ್ಕೆ 70, ಮೇಲೆ 80, ಎಡಕ್ಕೆ 60, ಮೇಲೆ 40, ಎಡಕ್ಕೆ 120, ಕೊನೆಗೆ `C`. ಆಮೇಲೆ `F`, `R` 10, `P`, ಪಾಲಿಲೈನ್ ಮೇಲೆ ಒಂದು ಕ್ಲಿಕ್. ಹತ್ತೂ ಮೂಲೆ ಒಂದೇ ಸಲಕ್ಕೆ R10.

R6 ಮತ್ತು R3 ಬೇಕಾದ ಐದು ಮೂಲೆಗೆ ಆ ರೇಡಿಯಸ್ ಕೊಟ್ಟು, ಆರ್ಕ್‌ನ ಎರಡು ಪಕ್ಕದ ಗೆರೆ ಕ್ಲಿಕ್ ಮಾಡಿ. ಹಳೆಯ ಆರ್ಕ್ ಹೋಗಿ ಹೊಸದು ಕೂರುತ್ತದೆ. ಟ್ರಿಮ್ಮೂ ಇಲ್ಲ, ಎಕ್ಸ್‌ಟೆಂಡೂ ಇಲ್ಲ, ಆಫ್‌ಸೆಟ್ಟೂ ಇಲ್ಲ.

ಕೊನೆಯಲ್ಲಿ `C` ಹೊಡೆಯಲೇಬೇಕು. ಶುರುವಿನ ಬಿಂದುವಿಗೆ ಸ್ನ್ಯಾಪ್ ಮಾಡಿ ನಿಲ್ಲಿಸಿದರೆ ಆ ಒಂದು ಮೂಲೆಗೆ `P` ಫಿಲೆಟ್ ಹಾಕುವುದಿಲ್ಲ.

---

ಹಳೇ_ಡ್ರಾಫ್ಟ್ಸ್‌ಮನ್

ಈ ಪ್ಲೇಟಿಗೆ ನಿಮ್ಮದು ವೇಗ, ಒಪ್ಪುತ್ತೇನೆ. ಆದರೆ ನಿಮ್ಮ ಪಟ್ಟಿಯಲ್ಲಿ ಎರಡನೇ 70 ಎಲ್ಲಿಂದ ಬಂತು? ಮನಸ್ಸಿನಲ್ಲಿ ಕಳೆದು ತಂದಿದ್ದು ಅಲ್ವಾ. ಶಾಪ್‌ನಿಂದ ಬರುವ ಸ್ಕೆಚ್‌ನಲ್ಲಿ ಸಾಮಾನ್ಯವಾಗಿ ಎಲ್ಲಾ ಅಳತೆ ಎಡ ಅಂಚಿನಿಂದ, ಕೆಳ ಅಂಚಿನಿಂದ ಇರುತ್ತದೆ: 70, 110, 120, 180. ಆಫ್‌ಸೆಟ್‌ಗೆ ಅದನ್ನೇ ನೇರವಾಗಿ ಹೊಡೆಯಬಹುದು. ಅಳತೆ 67.35, 112.8 ಹೀಗೆ ಇದ್ದಾಗ ಆ ಕಳೆಯುವ ಲೆಕ್ಕದಲ್ಲೇ ತಪ್ಪು ನುಸುಳುವುದು.

---

ಮೈಸೂರು_ಕ್ಯಾಡ್

ಎಡದಿಂದಲೇ ಅಳತೆ ಇದ್ದರೆ ಪೂರ್ತಿ ಕೋಆರ್ಡಿನೇಟ್ ಹೊಡೆದರಾಯಿತು. `#70,0` `#70,25` `#110,25` ಹೀಗೆ. ಡೈನಮಿಕ್ ಇನ್‌ಪುಟ್ ಆನ್ ಇದ್ದರೆ `#` ಮರೆಯಬಾರದು, ಇಲ್ಲದಿದ್ದರೆ ಹಿಂದಿನ ಬಿಂದುವಿನಿಂದ ಲೆಕ್ಕ ಹಿಡಿಯುತ್ತದೆ. ಕಳೆಯುವ ಕೆಲಸವೇ ಇಲ್ಲ. ನಾನಂತೂ ಪಾಲಿಲೈನ್ ಬಿಡಲ್ಲ ಸರ್.

---

ಹಳೇ_ಡ್ರಾಫ್ಟ್ಸ್‌ಮನ್

ಬಿಡಬೇಡಿ. ನಾನೂ ಆಫ್‌ಸೆಟ್ ಬಿಡಲ್ಲ :)

---

ಪೀಣ್ಯ_ಪ್ರೋಗ್ರಾಮರ್

ನಾನು ವಿಎಂಸಿ ಪ್ರೋಗ್ರಾಂ ಮಾಡುವವನು. ಇಂಥ ಡಿಎಕ್ಸ್‌ಎಫ್ ದಿನಾ ಬರುತ್ತವೆ. ಹೇಗೆ ಬರೆದರು ಅನ್ನೋದು ನನಗೆ ಮುಖ್ಯ ಅಲ್ಲ, ಔಟ್‌ಲೈನ್ ಮುಚ್ಚಿದೆಯಾ ಅನ್ನೋದು ಮುಖ್ಯ. ಕಣ್ಣಿಗೆ ಸೇರಿದ ಹಾಗೆ ಕಂಡರೂ 0.02 ಬಿಟ್ಟಿರುತ್ತದೆ. ಕ್ಯಾಮ್‌ನಲ್ಲಿ ಚೈನ್ ಅಲ್ಲಿಗೇ ನಿಲ್ಲುತ್ತದೆ.

ಕಳಿಸುವ ಮೊದಲು ಹೀಗೆ ಮಾಡಿ. ಹೋಲ್‌ಗಳನ್ನು ಹಾಕುವ ಮೊದಲೇ `BO` ಹೊಡೆದು ಪ್ಲೇಟ್‌ನ ಒಳಗೆ ಕ್ಲಿಕ್ ಮಾಡಿ. ಮುಚ್ಚಿದ್ದರೆ ಅದರ ಮೇಲೇ ಒಂದು ಹೊಸ ಪಾಲಿಲೈನ್ ಬರುತ್ತದೆ. ಸಂದು ಇದ್ದರೆ ಬೌಂಡರಿ ಸಿಗಲಿಲ್ಲ ಅನ್ನುತ್ತದೆ. ಹೊಸದು ಬಂದ ಮೇಲೆ ಕೆಳಗಿರುವ ಹಳೇ ತುಂಡುಗಳನ್ನು ಅಳಿಸಿ. ಇಲ್ಲದಿದ್ದರೆ ಒಂದೇ ಅಂಚು ಎರಡೆರಡು ಸಲ ಬಂದು ಅದೊಂದು ತಲೆನೋವು. ಅದು ಬೇಡ ಅಂದರೆ `JOIN` ಮಾಡಿ, ಪ್ರಾಪರ್ಟೀಸ್‌ನಲ್ಲಿ `Closed` ಮುಂದೆ `Yes` ಇದೆಯಾ ನೋಡಿ.

ಮುಚ್ಚಿದ ಮೇಲೆ ಏರಿಯಾ ನೋಡಿ. ಅದು ಎಲ್ಲಾ ರೇಡಿಯಸ್ಸನ್ನೂ ಒಟ್ಟಿಗೆ ಪರೀಕ್ಷೆ ಮಾಡಿದ ಹಾಗೆ. ನಿಮ್ಮ ಪ್ಲೇಟ್ ಮೂಲೆಗಳೆಲ್ಲ ಚೂಪಾಗಿದ್ದಾಗ 21600ರಲ್ಲಿ ಮೆಟ್ಟಿಲು 2400, ನಾಚ್ 1000 ಕಳೆದು 18200. ಒಂದು ಲಂಬ ಮೂಲೆ ದುಂಡಾದರೆ 0.2146 ಗುಣಿಸು ರೇಡಿಯಸ್ ವರ್ಗದಷ್ಟು ವ್ಯತ್ಯಾಸ. ಹೊರ ಮೂಲೆಯಾದರೆ ಅಷ್ಟು ಲೋಹ ಕಡಿಮೆ, ಒಳ ಮೂಲೆಯಾದರೆ ಅಷ್ಟು ಜಾಸ್ತಿ. ಬಾಯಿಯ R3 ಎರಡೂ ಹೊರ ಮೂಲೆಯ ಲೆಕ್ಕಕ್ಕೇ ಬರುತ್ತವೆ.

```
5×100 + 2×9 − 3×36 = 410
410 × 0.2146 = 87.99
18200 − 87.99 = 18112.01
```

`AREA` ಹೊಡೆದು `O` ಕೊಟ್ಟು ಪಾಲಿಲೈನ್ ಕ್ಲಿಕ್ ಮಾಡಿದರೆ 18112.01 ಬರಬೇಕು. 10 ದಪ್ಪದ ಎಂಎಸ್‌ನಲ್ಲಿ ಹೋಲ್ ಹೊಡೆಯುವ ಮೊದಲು ಸುಮಾರು 1.42 ಕೆಜಿ.

---

ಕಾಲೇಜ್_ಬೆಂಚು

ನಾನೂ ಅಭ್ಯಾಸಕ್ಕೆ ಇದೇ ಪ್ಲೇಟ್ ಬರೆದೆ, ಮೈಸೂರು ಅವರ ಪಾಲಿಲೈನ್ ದಾರಿಯಲ್ಲಿ. ಮುಚ್ಚಿದೆ. ಆದರೆ ಏರಿಯಾ 18125.75 ಬರ್ತಿದೆ. ಕಣ್ಣಿಗೆ ಎಲ್ಲಾ ಸರಿ ಕಾಣಿಸುತ್ತೆ.

---

ಪೀಣ್ಯ_ಪ್ರೋಗ್ರಾಮರ್

13.74 ಜಾಸ್ತಿ ಇದೆ. ಅದನ್ನು 0.2146ರಿಂದ ಭಾಗಿಸಿ: 64. ನೂರರಲ್ಲಿ 36 ಕಳೆದರೆ 64. ಒಂದು ಒಳ ಮೂಲೆ R6 ಆಗುವ ಬದಲು R10ರಲ್ಲೇ ಉಳಿದಿದೆ. ಮೆಟ್ಟಿಲಿನ ಮೂಲೆ ನೋಡಿ ಮೊದಲು, ನಾಚ್ ಆದಮೇಲೆ ಅದನ್ನು ಬಿಟ್ಟುಬಿಡೋದು ಸಾಮಾನ್ಯ.

---

ಕಾಲೇಜ್_ಬೆಂಚು

ಅದೇ! ಮೆಟ್ಟಿಲಿನದ್ದೇ. ಥ್ಯಾಂಕ್ಸ್ ಸರ್, ನೋಡದೇ ಹೇಳಿಬಿಟ್ರಲ್ಲ.

---

ಹಾಳೆಪೆನ್ಸಿಲ್

ನನಗೆ 18112.01 ಸರಿಯಾಗಿ ಬಂತು. ಟ್ರಿಮ್ ಒಂದು, ಉಳಿದದ್ದೆಲ್ಲ ಫಿಲೆಟ್. ಈಗ ಹೋಲ್‌ಗಳು. ಐದು ಹೊರ ಮೂಲೆಯಲ್ಲೂ ಅಂಚಿನಿಂದ 15 ಒಳಗೆ 11 ವ್ಯಾಸದ ಹೋಲ್. ಪ್ರತಿ ಮೂಲೆಗೂ ಮತ್ತೆ ಗೆರೆ ಆಫ್‌ಸೆಟ್ ಮಾಡಬೇಕಾ?

---

ಹಳೇ_ಡ್ರಾಫ್ಟ್ಸ್‌ಮನ್

ಬೇಡ. ಔಟ್‌ಲೈನ್ ಈಗ ಒಂದೇ ಪಾಲಿಲೈನ್ ಅಲ್ವಾ, ಅದನ್ನೇ 15 ಒಳಗೆ ಆಫ್‌ಸೆಟ್ ಮಾಡಿ ನೋಡಿ. ಹೊರ ಮೂಲೆ R10. 15 ಒಳಗೆ ಹೋದಾಗ ಆ ಆರ್ಕ್‌ಗೆ ಜಾಗವೇ ಇಲ್ಲ, ಮಾಯವಾಗಿ ಚೂಪು ಮೂಲೆ ಉಳಿಯುತ್ತದೆ. ಆ ಚೂಪು ಮೂಲೆಯೇ ನಿಮ್ಮ ಹೋಲ್ ಸೆಂಟರ್. ಎಂಡ್‌ಪಾಯಿಂಟ್ ಸ್ನ್ಯಾಪ್ ಹಿಡಿದು ಸರ್ಕಲ್ ಹಾಕುತ್ತಾ ಹೋಗಿ. ಒಳ ಮೂಲೆಗಳಲ್ಲಿ ಉಲ್ಟಾ ಆಗುತ್ತದೆ, R6 ದೊಡ್ಡದಾಗಿ R21 ಆಗುತ್ತದೆ. ನಾಚ್‌ನ ಬಾಯಿಯ ಹತ್ತಿರವೂ ಎರಡು ಚೂಪು ಮೂಲೆ ಕಾಣುತ್ತವೆ, ಅಲ್ಲಿ ಹೋಲ್ ಹಾಕಬೇಡಿ ಮತ್ತೆ.

ಇದು ಆಗಬೇಕಾದರೆ ಪಾಲಿಲೈನ್ ಆಗಿರಲೇಬೇಕು. ಬಿಡಿ ಗೆರೆಗಳಾಗಿದ್ದರೆ ಆಫ್‌ಸೆಟ್ ಒಂದೊಂದನ್ನೇ ಸರಿಸುತ್ತದೆ, ಮೂಲೆ ಕೂಡಿಕೊಳ್ಳಲ್ಲ. ಹೊರ ರೇಡಿಯಸ್ 20 ಇದ್ದಿದ್ದರೂ ಈ ಉಪಾಯ ನಡೆಯುತ್ತಿರಲಿಲ್ಲ. ಆಗ ಒಳಗೆ R5 ಉಳಿಯುತ್ತದೆ, ಚೂಪು ಸಿಗಲ್ಲ.

ಮೋಟರ್ ಹಿಂದೆ ಮುಂದೆ ಸರಿಸೋಕೆ ಸ್ಲಾಟ್ ಬೇಕಾಗಿದ್ದರೆ ಅದಕ್ಕೂ ಇವೇ ಎರಡು ಸಾಕು. 14 ಅಗಲದ ಸ್ಲಾಟ್ ಅಂದರೆ ಸೆಂಟರ್‌ನಿಂದ ಸೆಂಟರ್‌ಗೆ ಗೆರೆ, ಎರಡೂ ಕಡೆ 7 ಆಫ್‌ಸೆಟ್. ಆಮೇಲೆ ಫಿಲೆಟ್‌ನಲ್ಲಿ ಆ ಎರಡು ಸಮಾನಾಂತರ ಗೆರೆ ಕ್ಲಿಕ್ ಮಾಡಿದರೆ ತುದಿಗೆ ಅರ್ಧ ವೃತ್ತ ಕೂರುತ್ತದೆ. ಇನ್ನೊಂದು ತುದಿಗೂ ಹಾಗೇ. ರೇಡಿಯಸ್ ಎಷ್ಟೇ ಇಟ್ಟಿರಿ, ಅದು ನೋಡುವುದೇ ಇಲ್ಲ.

---

ಕ್ಲಾಂಪ್_ಕಿಟ್ಟಿ

ಸೀಳು ಆಯ್ತು ಸರ್. ಆದ್ರೆ ಈಗ ಬೇರೆ ಫೈಲ್‌ನಲ್ಲಿ ಫಿಲೆಟ್ ಹಾಕಿದ್ರೆ ಆರ್ಕ್ ಬರುತ್ತೆ, ಗೆರೆ ಕಟ್ ಆಗ್ತಾನೇ ಇಲ್ಲ. ನೇರ ಗೆರೆಗೂ ಆಗ್ತಿಲ್ಲ.

---

ಗೆರೆಗಾರ

ಅಯ್ಯೋ, ನಾನು ಮೇಲೆ ಹೇಳಿದ `No trim` ಮಾಡಿ ನೋಡಿದ್ರಾ? ಅದು ಹಾಗೇ ನೆನಪಿಟ್ಟುಕೊಳ್ಳುತ್ತದೆ. `F` ಹೊಡೆದ ತಕ್ಷಣ ಕಮಾಂಡ್ ಲೈನ್‌ನಲ್ಲಿ `Mode = NOTRIM` ಅಂತ ಕಾಣುತ್ತಿರಬೇಕು. `T` ಹೊಡೆದು ಮತ್ತೆ `Trim` ಮಾಡಿ. ಇಲ್ಲವೇ `TRIMMODE` ಅನ್ನು 1 ಮಾಡಿ. ಚಾಂಫರ್‌ಗೂ ಅದೇ ಸೆಟ್ಟಿಂಗ್.

---

ಪೀಣ್ಯ_ಪ್ರೋಗ್ರಾಮರ್

ಹಾಳೆಪೆನ್ಸಿಲ್ ಅವರೇ, ಆ R6 ಯಾರು ಕೊಟ್ಟಿದ್ದು? 12ರ ಎಂಡ್‌ಮಿಲ್‌ಗೆ ಅಂತ ಕೊಟ್ಟಿದ್ದರೆ ಒಮ್ಮೆ ಕೇಳಿ ನೋಡಿ. ಕಟರ್ ರೇಡಿಯಸ್ಸೂ ಮೂಲೆ ರೇಡಿಯಸ್ಸೂ ಒಂದೇ ಆದರೆ, ಕಟರ್ ಮೂಲೆಗೆ ಹೋಗಿ ಗಕ್ಕನೆ ದಿಕ್ಕು ಬದಲಿಸುತ್ತದೆ. ಆ ಕ್ಷಣ ಎರಡು ಗೋಡೆಯನ್ನೂ ಒಟ್ಟಿಗೆ ತಬ್ಬಿಕೊಂಡಿರುತ್ತದೆ. ಕಿರಗುಟ್ಟುತ್ತದೆ, ಮೂಲೆಯಲ್ಲಿ ಗುರುತು ಬೀಳುತ್ತದೆ. R6.5 ಅಥವಾ R7 ಇದ್ದರೆ ಅದೇ ಕಟರ್ ದುಂಡಗೆ ತಿರುಗಿಕೊಂಡು ಬರುತ್ತದೆ. R6 ಬೇಕೇ ಬೇಕು ಅಂದರೆ ನಾನು 10ರ ಕಟರ್ ಹಾಕುತ್ತೇನೆ, ಸಮಯ ಸ್ವಲ್ಪ ಜಾಸ್ತಿ.

---

ಗೆರೆಗಾರ

ಹಾಗಾದರೆ ಡ್ರಾಯಿಂಗ್‌ನಲ್ಲೇ ಕಟರ್ ರೇಡಿಯಸ್‌ನಷ್ಟು ಹೊರಗೆ ಆಫ್‌ಸೆಟ್ ಮಾಡಿ ಆ ಗೆರೆಯನ್ನೇ ಕಳಿಸಿದರೆ ನಿಮಗೆ ಸುಲಭ ಅಲ್ವಾ?

---

ಪೀಣ್ಯ_ಪ್ರೋಗ್ರಾಮರ್

ದಯವಿಟ್ಟು ಬೇಡ. ನನಗೆ ಮುಗಿದ ಪ್ಲೇಟಿನ ಅಳತೆಯೇ ಬೇಕು. ಕಟರ್ ಸವೆದು 11.96 ಆಗಿದ್ದರೆ ಅದನ್ನು ಮೆಷಿನ್‌ನಲ್ಲೇ `G41` ಆಫ್‌ಸೆಟ್‌ನಲ್ಲಿ ಸರಿಮಾಡುತ್ತೇನೆ. ನೀವು ಮೊದಲೇ ಸರಿಸಿ ಕಳಿಸಿದರೆ, ಆ ಗೆರೆ ಪ್ಲೇಟಿನದ್ದೋ ಕಟರ್‌ನದ್ದೋ ಅಂತ ನನಗೆ ಗೊತ್ತಾಗುವುದು ಹೇಗೆ?

---

ವೆಲ್ಡಿಂಗ್_ಬಸಣ್ಣ

ಅಂತೂ ವೆಲ್ಡಿಂಗ್ ಇಲ್ಲ ಅನ್ನಿ. ಈ ಪ್ಲೇಟ್ ಲೇಸರ್‌ನಲ್ಲೇ ಕತ್ತರಿಸಿದರೆ ಈ ಕಟರ್ ರಗಳೆಯೇ ಇರಲ್ಲವಲ್ಲ?

---

ಹಾಳೆಪೆನ್ಸಿಲ್

ಅದನ್ನೂ ಕೇಳುತ್ತಿದ್ದಾರೆ ಅಣ್ಣಾ, ಲೇಸರ್ ಆಗುತ್ತೋ ಮಿಲ್ಲಿಂಗ್ ಆಗುತ್ತೋ ಇನ್ನೂ ತೀರ್ಮಾನ ಆಗಿಲ್ಲ. R6 ಬಗ್ಗೆ ಡಿಸೈನ್ ಕಡೆಯವರಿಗೆ ಬರೆದಿದ್ದೇನೆ. ಹೋಲ್ ಐದೂ ಕೂತವು, ಆಫ್‌ಸೆಟ್ ಮೂಲೆಯಲ್ಲೇ.

---

ಪೀಣ್ಯ_ಪ್ರೋಗ್ರಾಮರ್

ಲೇಸರ್‌ಗೆ ಹೋಗುವುದಾದರೆ ಆ 15ರ ಆಫ್‌ಸೆಟ್ ಗೆರೆ ಅಳಿಸಿಯೇ ಡಿಎಕ್ಸ್‌ಎಫ್ ಮಾಡಿ. ಔಟ್‌ಲೈನ್‌ನಿಂದ ಆಫ್‌ಸೆಟ್ ಮಾಡಿದ್ದಕ್ಕೆ ಅದೂ ಅದೇ ಲೇಯರ್‌ನಲ್ಲಿ ಇರುತ್ತದೆ, ಆಪರೇಟರ್ ನೋಡದಿದ್ದರೆ ಅದನ್ನೂ ಕತ್ತರಿಸಿಬಿಡುತ್ತಾರೆ.

---

ಹಳೇ_ಡ್ರಾಫ್ಟ್ಸ್‌ಮನ್

ಅಳಿಸುವುದು ಬೇಡ ಅನ್ನಿಸಿದರೆ `O` ಹೊಡೆದ ಮೇಲೆ `L`, `C` ಕೊಡಿ. ಆಗ ಆಫ್‌ಸೆಟ್ ಗೆರೆ ಆಗ ಚಾಲೂ ಇರುವ ಲೇಯರ್‌ಗೆ ಹೋಗುತ್ತದೆ. ಮೊದಲೇ ಸೆಂಟರ್ ಲೇಯರ್ ಚಾಲೂ ಮಾಡಿಕೊಂಡಿರಿ, ಡಿಎಕ್ಸ್‌ಎಫ್ ಕೊಡುವಾಗ ಔಟ್‌ಲೈನ್ ಮತ್ತು ಹೋಲ್ ಮಾತ್ರ ಆರಿಸಿ ಕೊಡಿ.